ಸಂಬಳದ ಚೀಟಿಯಲ್ಲಿ ಕಡಿತ, ಪಾಸ್‌ಬುಕ್ಕಿನಲ್ಲಿ ಖಾಲಿ

2024ರ ಡಿಸೆಂಬರ್‌ನಲ್ಲಿ ಕ್ರಿಕೆಟಿಗ ರಾಬಿನ್ ಉತ್ತಪ್ಪ ವಿರುದ್ಧ ಬಂಧನ ವಾರಂಟ್ ಹೊರಟಿದೆ ಎಂಬ ಸುದ್ದಿ ಬಂದಾಗ ಹಲವರು ಅಚ್ಚರಿಪಟ್ಟರು. ವಾರಂಟ್ ಹೊರಡಿಸಿದ್ದು ಬೆಂಗಳೂರಿನ ಭವಿಷ್ಯ ನಿಧಿ ಕಚೇರಿ, ಅಂದರೆ ಪಿಎಫ್ ಆಫೀಸು. ಅವರು ನಿರ್ದೇಶಕರಾಗಿದ್ದ ಕಂಪನಿಯೊಂದು ನೌಕರರ ಸಂಬಳದಲ್ಲಿ ಪಿಎಫ್ ಹಿಡಿದು ಕಟ್ಟಿಲ್ಲ, ಬಾಕಿ ಸುಮಾರು 23 ಲಕ್ಷ ರೂಪಾಯಿ ಎಂಬುದು ಆರೋಪ. ಆಡಳಿತದಲ್ಲಿ ತಮ್ಮ ಪಾತ್ರವಿರಲಿಲ್ಲ, ಎಂದೋ ರಾಜೀನಾಮೆ ಕೊಟ್ಟಾಗಿತ್ತು ಎಂದು ಉತ್ತಪ್ಪ ಹೇಳಿದರು. ಹೈಕೋರ್ಟ್ ವಾರಂಟಿಗೆ ತಡೆಯಾಜ್ಞೆ ನೀಡಿತು. ಸರಿ ತಪ್ಪಿನ ಮಾತು ಹಾಗಿರಲಿ, ಪಿಎಫ್ ಆಫೀಸಿನ ಕೈ ಎಷ್ಟು ದೂರ ಚಾಚಬಲ್ಲದು ಎಂಬುದಂತೂ ಈ ಪ್ರಕರಣದಿಂದ ಗೊತ್ತಾಯಿತು. ಆ ಕೈಗೆ ಕೆಲಸ ಕೊಡಬೇಕಾದವರು ಮಾತ್ರ ಬಹುಪಾಲು ನೌಕರರೇ.

ಮೊದಲು ಕಟ್ಟಿಲ್ಲವೆಂಬುದು ಖಚಿತವಾಗಬೇಕು. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 15,000 ರೂಪಾಯಿ ಇರುವ ಒಬ್ಬ ಕಾರ್ಮಿಕರನ್ನು ಎಣಿಸಿಕೊಳ್ಳಿ. ಶೇ 12ರಂತೆ 1,800 ರೂಪಾಯಿ ಅವರ ಸಂಬಳದಿಂದ ಕಡಿತವಾಗುತ್ತದೆ, ಮಾಲೀಕರೂ ಅಷ್ಟೇ ಸೇರಿಸಬೇಕು. ಪಾಸ್‌ಬುಕ್ಕಿನಲ್ಲಿ ಮಾಲೀಕರ ಪಾಲು 550 ಎಂದಷ್ಟೇ ಕಂಡು ಗಾಬರಿಯಾಗುವವರಿದ್ದಾರೆ. ಉಳಿದ 1,250 ಪಿಂಚಣಿಯ ಕಾಲಮ್ಮಿಗೆ ಹೋಗಿರುತ್ತದೆ, ಅದು ಮೋಸವಲ್ಲ. ವರ್ಷದ ಬಡ್ಡಿ ತಡವಾಗಿ ಕಂಡರೂ ಮಾಲೀಕರನ್ನು ದೂರುವಂತಿಲ್ಲ. ಆದರೆ ಏಪ್ರಿಲ್ ಸಂಬಳದ ಪಿಎಫ್ ಮೇ 15ರೊಳಗೆ ಕಟ್ಟಬೇಕು. ಜೂನ್ ಮುಗಿದರೂ ಏಪ್ರಿಲ್ ಸಾಲೇ ಇಲ್ಲದಿದ್ದರೆ ಅನುಮಾನಕ್ಕೆ ಕಾರಣವಿದೆ.

ಆಗ ಒಂದು ಜಾಣ ಕೆಲಸ ಮಾಡಬಹುದು. ಪಿಎಫ್ ಸಂಸ್ಥೆಯ ಜಾಲತಾಣದಲ್ಲಿ Establishment Search ಎಂಬ ಪುಟವಿದೆ. ಅಲ್ಲಿ ಕಂಪನಿಯ ಹೆಸರೋ ಕೋಡೋ ಹಾಕಿದರೆ ಅದು ಯಾವ ತಿಂಗಳ ಹಣ ಯಾವಾಗ ಕಟ್ಟಿತು, ಎಷ್ಟು ಜನರಿಗೆ ಕಟ್ಟಿತು ಎಂಬ ವಿವರ ಸಿಗುತ್ತದೆ. ಇಡೀ ಕಂಪನಿಯೇ ಕಟ್ಟಿಲ್ಲವೋ, ಪಟ್ಟಿಯಿಂದ ಕೆಲವರ ಹೆಸರು ಮಾತ್ರ ಬಿಟ್ಟಿದ್ದಾರೋ ಎಂಬುದು ಇದರಿಂದ ತಿಳಿಯುತ್ತದೆ. ಎರಡನೆಯದಾದರೆ ಲೆಕ್ಕಪತ್ರದವರ ತಪ್ಪಿರಬಹುದು, ಒಂದು ಇಮೇಲಿನಲ್ಲೇ ಸರಿಹೋಗಬಹುದು. ಮೊದಲನೆಯದಾದರೆ ಸಹೋದ್ಯೋಗಿಗಳೆಲ್ಲರದೂ ಒಂದೇ ಪಾಡು. ಒಟ್ಟಾಗಿ ಸಹಿ ಹಾಕಿ ದೂರು ಕೊಡುವುದೇ ಲೇಸು, ಒಬ್ಬರನ್ನೇ ಹಿಡಿದು ಪೀಡಿಸುವುದು ಮಾಲೀಕರಿಗೆ ಕಷ್ಟವಾಗುತ್ತದೆ.

ದೂರನ್ನು epfigms.gov.in ತಾಣದಲ್ಲಿ ಯುಎಎನ್ ಸಂಖ್ಯೆ ಹಾಕಿ ದಾಖಲಿಸಬಹುದು. ಜೊತೆಗೆ ಕಂಪನಿಯ ಕೋಡ್ ಇರುವ ಪ್ರಾದೇಶಿಕ ಕಚೇರಿಯ ಆಯುಕ್ತರಿಗೆ ಲಿಖಿತ ಅರ್ಜಿ ಕೊಟ್ಟು, ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳುವುದು ಒಳ್ಳೆಯದು. ‘ಪಿಎಫ್ ಕಟ್ಟುತ್ತಿಲ್ಲ’ ಎಂಬ ಒಂದು ಸಾಲಿನ ದೂರಿಗೆ ಬಲವಿಲ್ಲ. ‘ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೆ 1,800ರಂತೆ 10,800 ರೂಪಾಯಿ ಕಡಿತವಾಗಿದೆ, ಮಾಲೀಕರ ಪಾಲೂ ಸೇರಿ 21,600 ಬರಬೇಕು’ ಎಂದು ಬರೆದು, ಆ ಆರು ತಿಂಗಳ ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಪಾಸ್‌ಬುಕ್ಕಿನ ಪ್ರತಿ ಲಗತ್ತಿಸಬೇಕು. ಕಡಿತಕ್ಕೆ ನೇರ ಸಾಕ್ಷಿ ಸಂಬಳದ ಚೀಟಿ. ಕೆಲಸ ಬಿಟ್ಟ ಮರುದಿನವೇ ಕಂಪನಿಯ ಇಮೇಲ್ ಬಂದ್ ಆಗುತ್ತದೆ, ಆದ್ದರಿಂದ ಚೀಟಿಗಳನ್ನು ಮೊದಲೇ ಇಳಿಸಿಟ್ಟುಕೊಂಡಿರಬೇಕು.

ದೂರಿನಲ್ಲಿ ಹುರುಳಿದ್ದರೆ ಅಧಿಕಾರಿಗಳು ಕಂಪನಿಯ ಕಡತ ಪರಿಶೀಲಿಸುತ್ತಾರೆ. ಬಾಕಿ ನಿರ್ಧರಿಸುವ ವಿಚಾರಣೆಯನ್ನು 1952ರ ಕಾಯ್ದೆಯ ಸೆಕ್ಷನ್ ನೆನಪಿನಲ್ಲಿ ಇಂದಿಗೂ ‘ಸೆವೆನ್ ಎ’ ಎಂದೇ ಕರೆಯುತ್ತಾರೆ. ಇದರಲ್ಲಿ ಆಯುಕ್ತರಿಗೆ ಸಿವಿಲ್ ಕೋರ್ಟಿನಂತೆ ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ಅಧಿಕಾರವಿದೆ. ಬಾಕಿಯ ಮೇಲೆ ವರ್ಷಕ್ಕೆ ಶೇ 12 ಬಡ್ಡಿ ಬೀಳುತ್ತದೆ, ದಂಡ ಬೇರೆ. ಆಮೇಲೂ ಕಟ್ಟದಿದ್ದರೆ ಬ್ಯಾಂಕ್ ಖಾತೆ ಜಪ್ತಿ, ಆಸ್ತಿ ಹರಾಜು, ಕಡೆಗೆ ಬಂಧನ. ನೌಕರರ ಪಾಲನ್ನು ಹಿಡಿದು ಕಟ್ಟದಿರುವುದನ್ನು ಕಾನೂನು ನಂಬಿಕೆ ದ್ರೋಹವೆಂದೇ ಎಣಿಸುತ್ತದೆ. ಭಾರತೀಯ ನ್ಯಾಯ ಸಂಹಿತೆಯ 316ನೇ ಸೆಕ್ಷನ್ ಅಡಿ ಪೊಲೀಸರಿಗೂ ದೂರು ಕೊಡಬಹುದು. ಆದರೆ ಪೊಲೀಸ್ ಕೇಸಿನಿಂದ ಆಗುವುದು ಶಿಕ್ಷೆ, ಖಾತೆಗೆ ಹಣ ಬರುವುದು ಪಿಎಫ್ ಆಫೀಸಿನ ವಸೂಲಾತಿಯಿಂದ.

ಇದೆಲ್ಲ ತಿಂಗಳೊಪ್ಪತ್ತಿನಲ್ಲಿ ಮುಗಿಯುವುದಿಲ್ಲ, ಮಾಲೀಕರು ಮೇಲ್ಮನವಿ ಹೋದರೆ ಇನ್ನಷ್ಟು ಎಳೆಯುತ್ತದೆ. ಹಾಗೆಂದು ಕಾಯುತ್ತ ಕೂರುವಂತೆಯೂ ಇಲ್ಲ. 2020ರ ಸಾಮಾಜಿಕ ಭದ್ರತಾ ಸಂಹಿತೆ ಇಂಥ ವಿಚಾರಣೆ ಆರಂಭಿಸಲು 5 ವರ್ಷಗಳ ಗಡುವು ಇಟ್ಟಿದೆ.

ಕಂಪನಿಯೇ ದಿವಾಳಿಯೆದ್ದರೆ? ಪಿಎಫ್ ಬಾಕಿ ನೌಕರರ ಹಣ, ಸಾಲಗಾರರಿಗೆ ಹಂಚುವ ಆಸ್ತಿಯೊಳಗೆ ಅದು ಸೇರದು ಎನ್ನುತ್ತದೆ ದಿವಾಳಿ ಕಾನೂನು. ಜೆಟ್ ಏರ್‌ವೇಸ್ ಪ್ರಕರಣದಲ್ಲಿ ಹೊಸದಾಗಿ ಕಂಪನಿ ವಹಿಸಿಕೊಳ್ಳುವವರೇ ನೌಕರರ ಪಿಎಫ್, ಗ್ರಾಚ್ಯುಟಿ ಬಾಕಿ ಕೊಡಬೇಕೆಂದು ಮೇಲ್ಮನವಿ ನ್ಯಾಯಮಂಡಳಿ ಹೇಳಿತು, 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ 2024ರ ನವೆಂಬರ್‌ನಲ್ಲಿ ಕಂಪನಿಯ ಆಸ್ತಿ ಮಾರಿ ಬಾಗಿಲು ಮುಚ್ಚಲು ಅದೇ ಕೋರ್ಟ್ ಆದೇಶಿಸಬೇಕಾಯಿತು. ಹೀಗಾಗಿ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಗಿದೆ ಎಂದು ತಿಳಿದ ಕೂಡಲೇ ಪಿಎಫ್ ಆಫೀಸಿಗೆ ತಿಳಿಸುವುದರ ಜೊತೆಗೆ, ಆ ಪ್ರಕ್ರಿಯೆಗೆ ನೇಮಕವಾದ ಅಧಿಕಾರಿಯ ಬಳಿಯೂ ನಿಗದಿತ ದಿನದೊಳಗೆ ತಮ್ಮ ಬಾಕಿಯ ಹಕ್ಕು ದಾಖಲಿಸಬೇಕು.