ಶೆಟ್ಟರ ಮೀನೂಟದ ಹೋಟೆಲ್‌ಗೆ ಸೋಮವಾರದ ಮೇಲ್

ಬೆಂಗಳೂರಿನ ಮೀನೂಟದ ಹೋಟೆಲ್‌ಗಳಿಗೆ ಸೋಮವಾರ ಬಿಡುವು ಹೆಚ್ಚು. ಅಂದು ಮೀನು, ಮಾಂಸ ಮುಟ್ಟದವರು ಬಹಳ. ಮಧ್ಯಾಹ್ನದ ಊಟ ಮುಗಿದು ನಾಲ್ಕು ಗಂಟೆಯಾಗುವಷ್ಟರಲ್ಲಿ ಮಾಲೀಕರಿಗೆ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಮೊಬೈಲ್ ನೋಡಲು ಪುರುಸೊತ್ತು ಸಿಗುತ್ತದೆ. ಹೋಟೆಲ್‌ನ ಸೋಷಿಯಲ್ ಮೀಡಿಯಾ ನೋಡಿಕೊಳ್ಳುವವರು ವಾರದ ಲೆಕ್ಕ ಕಳಿಸುವುದಾದರೆ ಅದಕ್ಕೆ ಇದೇ ಸರಿಯಾದ ಹೊತ್ತು. ಸೋಮವಾರದಿಂದ ಭಾನುವಾರದವರೆಗೆ ಲೆಕ್ಕ ಹಿಡಿದರೆ, ವ್ಯಾಪಾರ ಜೋರಾಗಿರುವ ಶನಿವಾರ, ಭಾನುವಾರಗಳು ಎರಡು ವಾರಗಳಿಗೆ ಹಂಚಿಹೋಗುವುದಿಲ್ಲ.

ಮೂವತ್ತಾರು ಕುರ್ಚಿಗಳ ಸಣ್ಣ ಹೋಟೆಲ್‌ಗಳೂ ಈಗ ತಿಂಗಳಿಗಿಷ್ಟು ಎಂದು ಕೊಟ್ಟು ಈ ಕೆಲಸಕ್ಕೆ ಒಬ್ಬರನ್ನು ಗೊತ್ತುಮಾಡಿಕೊಳ್ಳುತ್ತವೆ. ರೀಲ್ ಮಾಡುವುದು, ಗೂಗಲ್‌ನಲ್ಲಿ ಹೋಟೆಲ್‌ನ ಸಮಯ, ಫೋಟೊ, ದರಪಟ್ಟಿ ಸರಿಯಾಗಿಡುವುದು, ರಿವ್ಯೂಗಳಿಗೆ ಉತ್ತರಿಸುವುದು ಅವರ ಕೆಲಸ. ಕೊಟ್ಟ ದುಡ್ಡಿಗೆ ಏನಾಯಿತು ಎಂದು ಮಾಲೀಕರಿಗೆ ತಿಳಿಯುವುದು ವಾರದ ಮೇಲ್‌ನಿಂದ. ಹೆಚ್ಚಿನವರು ಹತ್ತು ಪುಟದ ಪಿಡಿಎಫ್ ಕಳಿಸುತ್ತಾರೆ. ಅದರ ತುಂಬ ಹಸಿರು ಬಾಣಗಳು ಮತ್ತು ಗ್ರಾಫ್‌ಗಳು. ಮಾಲೀಕರು ಅದನ್ನು ತೆರೆಯುವುದೇ ಇಲ್ಲ. ನನ್ನ ಮಟ್ಟಿಗೆ ಮೊಬೈಲ್‌ನ ಒಂದೂವರೆ ಪರದೆಯಲ್ಲಿ ಓದಿ ಮುಗಿಸಲಾಗದ್ದು ವರದಿಯೇ ಅಲ್ಲ.

ಚೆನ್ನಾಗಿ ಬರೆದ ಮೇಲ್ ಹೇಗಿರುತ್ತದೆ? ಕೆಳಗಿನ ಹೋಟೆಲ್ ಮತ್ತು ಅದರ ಅಂಕಿಗಳು ವಿವರಣೆಗೆಂದು ಕಲ್ಪಿಸಿಕೊಂಡವು.

“ನಮಸ್ಕಾರ ಶೆಟ್ರೇ, ಜುಲೈ 14ರಿಂದ 20ರವರೆಗಿನ ಲೆಕ್ಕ ಇದು. ಬಂಗುಡೆ ತವಾ ಫ್ರೈ ರೀಲ್‌ಗೆ 48,000 ವ್ಯೂಸ್ ಬಂದಿದೆ. ಇಡೀ ವಾರದಲ್ಲಿ ನಮ್ಮ ಪೋಸ್ಟ್‌ಗಳು ತಲುಪಿದ್ದು 31,000 ಖಾತೆಗಳನ್ನು. ಇದರಲ್ಲಿ ಬೆಂಗಳೂರಿನವರು ನೂರಕ್ಕೆ 22 ಮಾತ್ರ. ಉಳಿದವರಲ್ಲಿ ಮಂಗಳೂರು, ಉಡುಪಿ, ಮುಂಬೈ, ದುಬೈಯವರೇ ಜಾಸ್ತಿ.

ಗೂಗಲ್‌ನಲ್ಲಿ 112 ಜನ ಹೋಟೆಲ್‌ಗೆ ದಾರಿ ಹುಡುಕಿದ್ದಾರೆ, ಹಿಂದಿನ ವಾರ 104 ಇತ್ತು. ಕಾಲ್ ಬಟನ್ ಒತ್ತಿದ್ದು 38 ಸಲ. ಕೊನೆಯ ಎರಡು ದಿನದ ಲೆಕ್ಕ ಇನ್ನೂ ಪೂರ್ತಿ ಬಂದಿಲ್ಲ.

ಮುಖ್ಯವಾದ್ದು ಇದು. ಕೌಂಟರ್ ಮೊಬೈಲ್‌ನಲ್ಲಿ ಈ ವಾರ 14 ಮಿಸ್ಡ್ ಕಾಲ್ ಇವೆ. ಅದರಲ್ಲಿ 11 ಮಧ್ಯಾಹ್ನ 12.30ರಿಂದ 2ರ ಒಳಗೆ ಬಂದವು. ನಾನು ವಾಪಸ್ ಮಾಡಿದಾಗ ಹೆಚ್ಚಿನವರು ಕೇಳಿದ್ದು ಒಂದೇ, ಇವತ್ತು ಯಾವ ಮೀನಿದೆ ಅಂತ. ನಾಳೆಯಿಂದ ಬೆಳಿಗ್ಗೆ 11ಕ್ಕೆ ‘ಇವತ್ತಿನ ಮೀನು’ ಪಟ್ಟಿಯನ್ನು ದರದ ಸಮೇತ ಸ್ಟೋರಿಗೂ ವಾಟ್ಸಾಪ್ ಸ್ಟೇಟಸ್‌ಗೂ ಹಾಕುತ್ತೇನೆ. ಅಡುಗೆಮನೆಯಿಂದ ಹತ್ತೂವರೆಗೆ ಯಾರಾದರೂ ನನಗೆ ಪಟ್ಟಿ ಕಳಿಸಬೇಕು. ಆಗಬಹುದಾ?”

ಶೆಟ್ಟರ ಕಣ್ಣು ಮೊದಲು ಹೋಗುವುದು 48,000ದ ಮೇಲೆ. ಅದು ಜನರ ಸಂಖ್ಯೆಯಲ್ಲ. ಒಬ್ಬರೇ ರೀಲನ್ನು ಮೂರು ಸಲ ನೋಡಿದರೆ ಮೂರು ವ್ಯೂಸ್. ರೀಚ್ ಎಂದರೆ ಎಷ್ಟು ಬೇರೆ ಬೇರೆ ಖಾತೆಗಳನ್ನು ತಲುಪಿತು ಎಂಬ ಲೆಕ್ಕ. ಇಲ್ಲಿ ತಪ್ಪುವುದು ಸುಲಭ. ಸೋಮವಾರ 3,000, ಮಂಗಳವಾರ 3,000 ಎಂದು ಏಳು ದಿನದ ರೀಚನ್ನು ಕೂಡಿ 21,000 ಎಂದು ಬರೆಯುವವರಿದ್ದಾರೆ. ದಿನವೂ ನೋಡುವ ಹಳೆಯ ಗಿರಾಕಿಯನ್ನು ಹೀಗೆ ಏಳು ಸಲ ಎಣಿಸಿದಂತಾಗುತ್ತದೆ. ವಾರದ ರೀಚನ್ನು ಆ್ಯಪ್‌ನಲ್ಲಿ ವಾರದ ಅವಧಿ ಆರಿಸಿಯೇ ತೆಗೆಯಬೇಕು. ವರದಿಯಲ್ಲಿ ವಾರದ ರೀಚ್ ಏಳೂ ದಿನಗಳ ಮೊತ್ತಕ್ಕೆ ಕರಾರುವಾಕ್ಕಾಗಿ ಸಮವಿದ್ದರೆ ಹಾಗೆ ಕೂಡಿದ್ದಾರೆಂದೇ ತಿಳಿಯಬಹುದು.

31,000ದಲ್ಲಿ ನೂರಕ್ಕೆ 22 ಎಂದರೆ ಸುಮಾರು 6,800. ಊರು ಬಿಟ್ಟು ಹೋದವರು ಬಂಗುಡೆಯ ವಿಡಿಯೊ ಕಂಡರೆ ತಮ್ಮವರಿಗೆ ಕಳಿಸದೆ ಬಿಡುವುದಿಲ್ಲ, ಹಾಗಾಗಿ ರೀಲ್ ಓಡುತ್ತದೆ. ಆದರೆ ದುಬೈಯಲ್ಲಿ ಹೃದಯದ ಗುರುತು ಒತ್ತಿದವರು ಗುರುವಾರ ಮಧ್ಯಾಹ್ನ ಬಸವೇಶ್ವರನಗರಕ್ಕೆ ಊಟಕ್ಕೆ ಬರಲಾರರು. ಆ 6,800 ಜನರಲ್ಲಿ ನಡೆದು ಬರುವಷ್ಟು ಹತ್ತಿರದವರು ಎಷ್ಟು ಎಂಬುದನ್ನು ಇನ್‌ಸ್ಟಾಗ್ರಾಂ ಹೇಳುವುದಿಲ್ಲ, ಅದು ಊರಿನ ಹೆಸರಿಗೇ ನಿಲ್ಲುತ್ತದೆ.

ಗೂಗಲ್‌ನ ಅಂಕಿಗಳು ಚಿಕ್ಕವು, ಆದರೆ ಹೋಟೆಲ್‌ನ ಬಾಗಿಲಿಗೆ ಹತ್ತಿರದವು. ದಾರಿ ಹುಡುಕುವವರು ಸಾಮಾನ್ಯವಾಗಿ ಹಸಿದವರು. ಹಾಗೆಂದು 112 ಜನ ಬಂದು ಉಂಡರು ಎಂದಲ್ಲ; ದಾರಿ ನೋಡಿ ಟ್ರಾಫಿಕ್ ಕಂಡು ಮನಸ್ಸು ಬದಲಿಸಿದವರೂ ಅದರಲ್ಲಿದ್ದಾರೆ. 104ರಿಂದ 112ಕ್ಕೆ ಏರಿದ್ದನ್ನು ರೀಲ್‌ನ ಲೆಕ್ಕಕ್ಕೆ ಬರೆಯದೆ ಬಿಟ್ಟಿರುವುದು ಒಳ್ಳೆಯ ಕೆಲಸ. ಎಂಟು ಜನರ ಹೆಚ್ಚುಕಡಿಮೆ ಒಂದು ಸಂಜೆ ಮಳೆ ಬಂದರೂ ಆಗುತ್ತದೆ.

ಇನ್ನು ಕರೆಗಳು. ಗೂಗಲ್ ಎಣಿಸುವುದು ಬಟನ್ ಒತ್ತಿದ್ದನ್ನು. ಈ ಕಡೆ ಯಾರಾದರೂ ಫೋನ್ ಎತ್ತಿದರೇ ಎಂಬುದು ಆ ಲೆಕ್ಕದಲ್ಲಿಲ್ಲ. ಅದಕ್ಕೇ ಈ ಮೇಲ್ ಬರೆದವರು ಕೌಂಟರ್‌ಗೆ ಬಂದು ಮೊಬೈಲ್‌ನ ಕಾಲ್ ಪಟ್ಟಿಯನ್ನೇ ನೋಡಿದರು. ಆ ಹನ್ನೊಂದು ಕರೆಗಳು ಬಂದಾಗ ಕ್ಯಾಷಿಯರ್ ಬಿಲ್ ಮಾಡುತ್ತಿದ್ದರು, ಪಾರ್ಸೆಲ್‌ಗೆ ಕಾಯುವವರು ಎದುರಿಗೆ ನಿಂತಿದ್ದರು. ಫೋನ್ ಎತ್ತದ್ದಕ್ಕೆ ಅವರನ್ನು ದೂರಿ ಪ್ರಯೋಜನವಿಲ್ಲ. ಕರೆಯೇ ಬೇಕಾಗದಂತೆ ಮಾಡುವುದು ಉಪಾಯ, ಪಟ್ಟಿ ಹಾಕುವುದು ಅದಕ್ಕಾಗಿ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿರುತ್ತದೆ. ಆ ದಿನಗಳಲ್ಲಿ ಅಂಜಲ್ ಒಂದು ದಿನ ಇದ್ದರೆ ಇನ್ನೊಂದು ದಿನ ಇರುವುದಿಲ್ಲ, ದರವೂ ಏರಿಳಿಯುತ್ತದೆ. ಗಿರಾಕಿ ಕರೆ ಮಾಡಿ ಕೇಳುವುದು ಸಹಜ. ಇಂಥ ವಾರದಲ್ಲಿ ಹಳೆಯ ಅಂಜಲ್ ರೀಲನ್ನು ಮತ್ತೆ ಹಾಕಿದರೆ ವ್ಯೂಸ್ ಬರುತ್ತವೆ, ಮೇಜಿನ ಮುಂದೆ ಜಗಳವೂ ಬರುತ್ತದೆ.

ಮೇಲ್ ಮುಗಿಯುವುದು ಒಂದೇ ಪ್ರಶ್ನೆಯಲ್ಲಿ ಎಂಬುದನ್ನು ಗಮನಿಸಿ. ಐದು ಸಲಹೆ ಬರೆದರೆ ಶೆಟ್ಟರು “ನೋಡುವ” ಅನ್ನುತ್ತಾರೆ. ಹತ್ತೂವರೆಗೆ ಪಟ್ಟಿ ಕಳಿಸಲು ಒಬ್ಬ ಹುಡುಗನನ್ನು ಗೊತ್ತುಮಾಡುವುದಕ್ಕೆ “ಆಯ್ತಮ್ಮ” ಎಂಬ ಒಂದು ಮಾತು ಸಾಕು. ಉಪಾಯ ಫಲಿಸಿತೇ ಎಂದು ತಿಳಿಯುವುದೂ ಸುಲಭ, ಮುಂದಿನ ಸೋಮವಾರ ಅದೇ ಮೊಬೈಲ್‌ನಲ್ಲಿ ಅದೇ ಹೊತ್ತಿನ ಮಿಸ್ಡ್ ಕಾಲ್‌ಗಳನ್ನು ಎಣಿಸಿದರಾಯಿತು.

ಶೆಟ್ಟರು ಉತ್ತರದಲ್ಲಿ ಕೇಳಿದ್ದು ಬೇರೆ: “ರೀಲ್ ಇಷ್ಟು ಓಡಿದೆಯಲ್ಲ, 1,500 ರೂಪಾಯಿ ಹಾಕಿ ಬೂಸ್ಟ್ ಮಾಡುವನಾ?” ಇನ್ನೊಬ್ಬರಾದರೆ ತಕ್ಷಣ ಒಪ್ಪುತ್ತಿದ್ದರು. ಇವರು ಬರೆದರು: “ಈಗ ಬೇಡ ಶೆಟ್ರೇ. 1,500ರ ಮೇಲೆ ಜಿಎಸ್‌ಟಿ ನೂರಕ್ಕೆ 18, ಒಟ್ಟು 1,770 ಆಗುತ್ತದೆ. ಈ ಗುರುವಾರ ಭೀಮನ ಅಮಾವಾಸ್ಯೆ, ಮರುದಿನದಿಂದ ಶ್ರಾವಣ. ತಿಂಗಳಿಡೀ ಮೀನು ಬಿಡುವವರು ಎಷ್ಟಿದ್ದಾರೆ ಅಂತ ನಿಮಗೇ ಗೊತ್ತು. ಮುಂದಿನ ವಾರಗಳ ಅಂಕಿ ಇಳಿದೇ ಇಳಿಯುತ್ತದೆ, ಅದನ್ನು ಈ ವಾರದ ಜೊತೆ ಹೋಲಿಸದೆ ಹೋದ ವರ್ಷದ ಶ್ರಾವಣದ ಜೊತೆ ಇಟ್ಟು ಕಳಿಸುತ್ತೇನೆ. ಗಣೇಶನ ಹಬ್ಬ ಕಳೆಯಲಿ, ಅಷ್ಟರಲ್ಲಿ ದೋಣಿಗಳೂ ಕಡಲಿಗೆ ಇಳಿದಿರುತ್ತವೆ. ಆಗ ಹೋಟೆಲ್ ಸುತ್ತಲಿನ ಐದು ಕಿಲೋಮೀಟರ್‌ಗೆ ಮಾತ್ರ ಜಾಹೀರಾತು ಹಾಕೋಣ.”