ಆರನೆಯ ಬೆರಳು, ಹನ್ನೆರಡು ಅಡಿಯ ಫ್ಲೆಕ್ಸ್

ಯಕ್ಷಗಾನ ಬಯಲಾಟಕ್ಕೆ ಫ್ಲೆಕ್ಸ್ ಆಗಬೇಕು. ಚಿತ್ರ ರಚಿಸುವ ತಂತ್ರಾಂಶದಿಂದ ಮಾಡಿಸಿದ ವೇಷ ಸೊಗಸಾಗಿ ಬಂದಿದೆ. ಮುಖವರ್ಣಿಕೆ, ಕಿರೀಟ, ಕಣ್ಣಿನ ಬಿಗು ಎಲ್ಲವೂ ಸರಿ. ಆದರೆ ಎತ್ತಿದ ಬಲಗೈಯಲ್ಲಿ ಆರು ಬೆರಳಿವೆ. ಜೊತೆಗೆ ಚಿತ್ರ 1024×1024 ಪಿಕ್ಸೆಲ್‌ಗಳ ಚೌಕ, ಫ್ಲೆಕ್ಸೋ 12 ಅಡಿ ಅಗಲ, 4 ಅಡಿ ಎತ್ತರ. ಎಳೆದು ಹಿಗ್ಗಿಸಿದರೆ ವೇಷ ಅಡ್ಡಕ್ಕೆ ಉಬ್ಬುತ್ತದೆ, ಕತ್ತರಿಸಿದರೆ ಕಿರೀಟವೋ ಕಾಲೋ ಹೋಗುತ್ತದೆ. ಮತ್ತೆ ಹೊಸದಾಗಿ ರಚಿಸಲು ಹೊರಟರೆ ಈ ಮುಖ ಸಿಗುವುದಿಲ್ಲ. ಬೆರಳಿಗೆ ಇನ್‌ಪೇಂಟಿಂಗ್, ಅಗಲಕ್ಕೆ ಔಟ್‌ಪೇಂಟಿಂಗ್ ಬೇಕು. ಎರಡರ ಒಳಗೂ ನಡೆಯುವುದು ಒಂದೇ ಕೆಲಸ.

ಡಿಫ್ಯೂಷನ್ ಮಾದರಿಗಳು ಚಿತ್ರವನ್ನು ಗೆರೆ ಎಳೆದು ಬರೆಯುವುದಿಲ್ಲ. ಬರೀ ಬಣ್ಣದ ಚುಕ್ಕೆಗಳ ಗದ್ದಲದಿಂದ ಶುರುಮಾಡಿ, ಹಂತ ಹಂತವಾಗಿ ಆ ಗದ್ದಲವನ್ನು ಕಳೆಯುತ್ತಾ ಹೋಗುತ್ತವೆ. ಇನ್‌ಪೇಂಟಿಂಗ್‌ನಲ್ಲಿ ನಾವು ಕೆಟ್ಟ ಜಾಗದ ಮೇಲೆ ಬ್ರಷ್‌ನಿಂದ ಬಿಳಿ ಬಳಿಯುತ್ತೇವೆ, ಅದೇ ಮಾಸ್ಕ್. ಗದ್ದಲ ತುಂಬುವುದು, ಕಳೆಯುವುದು ಅಷ್ಟರೊಳಗೆ ಮಾತ್ರ. ಸುತ್ತಲಿನ ಮೂಲ ಚಿತ್ರ ಪ್ರತಿ ಹಂತದಲ್ಲೂ ಮಾದರಿಯ ಕಣ್ಣೆದುರಿಗೇ ಇರುವುದರಿಂದ ಒಳಗೆ ಮೂಡುವುದು ಅದಕ್ಕೆ ಹೊಂದಿಕೊಳ್ಳಲೇಬೇಕಾಗುತ್ತದೆ. 2000ದಲ್ಲಿ ಬೆರ್ತಾಲ್ಮಿಯೊ ಮತ್ತು ಸಂಗಡಿಗರು ಪ್ರಕಟಿಸಿದ ಹಳೆಯ ಇನ್‌ಪೇಂಟಿಂಗ್ ವಿಧಾನ ಅಂಚಿನ ಬಣ್ಣ, ಗೆರೆಗಳನ್ನು ಒಳಕ್ಕೆ ಹರಿಸುತ್ತಿತ್ತು. ಹಳೆಯ ಫೋಟೋದ ಗೀರು ಮುಚ್ಚಲು ಅದು ಸಾಕು, ಆದರೆ ಬೆರಳು ಎಂದರೇನು ಎಂಬುದು ಅದಕ್ಕೆ ತಿಳಿದಿರಲಿಲ್ಲ.

ಹಾಗಿದ್ದರೆ ಇಷ್ಟೆಲ್ಲ ಬಲ್ಲ ಹೊಸ ಮಾದರಿ ಬೆರಳಲ್ಲೇ ಎಡವುವುದೇಕೆ? ಒಂದು ಮುಖ್ಯ ಕಾರಣ ಅಳತೆ. ಸ್ಟೇಬಲ್ ಡಿಫ್ಯೂಷನ್‌ನಂಥ ಮಾದರಿಗಳು ಚಿತ್ರವನ್ನು ಉದ್ದಗಲಗಳಲ್ಲಿ ಎಂಟನೇ ಒಂದಕ್ಕೆ ಕುಗ್ಗಿಸಿಕೊಂಡು ಕೆಲಸ ಮಾಡುತ್ತವೆ. 1024 ಪಿಕ್ಸೆಲ್ ಎಂದರೆ ಅವಕ್ಕೆ 128 ಮನೆ. ನಮ್ಮ ವೇಷದ ಬೆರಳು 20 ಪಿಕ್ಸೆಲ್ ದಪ್ಪ, ಅಂದರೆ ಎರಡೂವರೆ ಮನೆ. ಅಷ್ಟರಲ್ಲಿ ಗೆಣ್ಣು, ಉಗುರು, ಬೆರಳ ಸಂದು ಮೂಡುವುದು ಕಷ್ಟ. ಹೀಗಾಗಿ ಇಡೀ ಚಿತ್ರದ ಅಳತೆಯಲ್ಲೇ ತಿದ್ದಲು ಹೊರಟರೆ ಆರರ ಬದಲು ಏಳು ಬೆರಳು ಬಂದರೂ ಆಶ್ಚರ್ಯವಿಲ್ಲ. ಮಾಸ್ಕ್ ಹಾಕಿದ ಭಾಗವನ್ನಷ್ಟೇ ದೊಡ್ಡದು ಮಾಡಿ ತಿದ್ದುವ ಆಯ್ಕೆ ಬಹಳಷ್ಟು ತಂತ್ರಾಂಶಗಳಲ್ಲಿದೆ, ಅದನ್ನೇ ಬಳಸಬೇಕು. ಕೈಯ ಸುತ್ತಲಿನ 256 ಪಿಕ್ಸೆಲ್ ಚೌಕವನ್ನು 1024ಕ್ಕೆ ಹಿಗ್ಗಿಸಿದರೆ ಬೆರಳಿಗೆ ಹತ್ತು ಮನೆ ಸಿಗುತ್ತದೆ. ತಿದ್ದಿದ ಮೇಲೆ ತಂತ್ರಾಂಶವೇ ಅದನ್ನು ಕುಗ್ಗಿಸಿ ಜಾಗಕ್ಕೆ ಕೂರಿಸುತ್ತದೆ. ಚೌಕದೊಳಗೆ ಮಣಿಕಟ್ಟು, ತೋಳಿನ ಸ್ವಲ್ಪ ಭಾಗ ಇರಲಿ. ಇಲ್ಲದಿದ್ದರೆ ಕೈ ಯಾವ ಕಡೆ ತಿರುಗಿದೆ ಎಂಬುದೇ ಮಾದರಿಗೆ ತಿಳಿಯದು.

ಎಷ್ಟು ಗದ್ದಲ ತುಂಬಬೇಕೆಂದು 0ಯಿಂದ 1ರವರೆಗಿನ ಒಂದು ಅಂಕಿಯಿಂದ ಹೇಳುತ್ತೇವೆ. 0.2 ಇಟ್ಟರೆ ಆರನೆಯ ಬೆರಳು ತುಸು ನುಣುಪಾಗಿ ಅಲ್ಲೇ ಉಳಿಯುತ್ತದೆ. 1 ಇಟ್ಟರೆ ಮುದ್ರೆಯೇ ಬದಲಾಗಬಹುದು. 0.5ರಿಂದ 0.7ರ ನಡುವೆ ನಾಲ್ಕಾರು ಸಲ ಮಾಡಿಸಿ, ಒಳ್ಳೆಯದನ್ನು ಆರಿಸಿಕೊಳ್ಳುವುದು ವಾಡಿಕೆ. ಆಮೇಲೆ ಹೊಸದನ್ನೂ ಹಳೆಯದನ್ನೂ ಒಂದರ ಮೇಲೊಂದು ಲೇಯರ್ ಆಗಿಟ್ಟು, ಫೋಟೋಶಾಪ್ ಅಥವಾ ಜಿಂಪ್‌ನಲ್ಲಿ ಡಿಫರೆನ್ಸ್ ಮೋಡ್ ಹಾಕಿ ನೋಡಿ. ಕೈ ಬಿಟ್ಟು ಉಳಿದೆಲ್ಲ ಅಚ್ಚ ಕಪ್ಪಾಗಿದ್ದರೆ ಬೇರೇನೂ ಬದಲಾಗಿಲ್ಲ. ಮುಖದ ಮೇಲೆ ಮಸುಕು ಗೆರೆ ಕಂಡರೆ, ಕುಗ್ಗಿಸಿ ಹಿಗ್ಗಿಸುವಾಗ ಮುಖವೂ ಚೂರು ಕೆಟ್ಟಿದೆ ಎಂದರ್ಥ. ಆಗ ಮೂಲ ಮುಖವನ್ನು ಮತ್ತೆ ಮೇಲೆ ಕೂರಿಸಬೇಕು.

ಇನ್ನು ಅಗಲ. ಒಂದಕ್ಕೆ ಮೂರರ ಅನುಪಾತಕ್ಕೆ 3072×1024 ಬೇಕು, ಅಂದರೆ ಎಡಬಲಕ್ಕೆ ತಲಾ 1024 ಪಿಕ್ಸೆಲ್ ಸೇರಬೇಕು. ಇಲ್ಲಿ ಮಾಸ್ಕ್ ಬೀಳುವುದು ಖಾಲಿ ಜಾಗದ ಮೇಲೆ. ಅಡಿಯಲ್ಲಿ ಏನೂ ಇಲ್ಲದಿರುವುದರಿಂದ ಗದ್ದಲ ಪೂರ್ತಿ 1 ಇರಬೇಕು, ಕಡಿಮೆಯಾದರೆ ಬೂದು ಮಬ್ಬು ಬರುತ್ತದೆ. ಮಾಸ್ಕ್ ಮೂಲ ಚಿತ್ರದ ಅಂಚಿನ ಮೇಲೂ 64 ಪಿಕ್ಸೆಲ್‌ನಷ್ಟು ಹತ್ತಿ, ಅಲ್ಲಿ ಮೃದುವಾಗಿ ಮಾಸುತ್ತಾ ಹೋದರೆ ಬೆಸುಗೆಯ ಗೆರೆ ಕಾಣುವುದಿಲ್ಲ. ಸೂಚನೆಯಲ್ಲಿ ಹಳೆಯ ಮಾತನ್ನೇ ಉಳಿಸಿದರೆ ಪಕ್ಕದಲ್ಲಿ ಇನ್ನೊಬ್ಬ ವೇಷಧಾರಿ ಬಂದು ನಿಲ್ಲುತ್ತಾನೆ. ವೇಷದ ಮಾತು ತೆಗೆದು, ರಂಗಸ್ಥಳದ ಕತ್ತಲು, ಮಾವಿನೆಲೆಯ ತೋರಣ, ದೀಪದ ಬೆಳಕು ಎಂದಷ್ಟೇ ಬರೆಯಬೇಕು.

ಒಂದೇ ಸಲಕ್ಕೆ ಎಲ್ಲವನ್ನೂ ತುಂಬಿಸದೆ 256 ಪಿಕ್ಸೆಲ್‌ನಂತೆ ಮುಂದುವರಿಯುವುದು ಲೇಸು. ಮಾದರಿ ಒಮ್ಮೆಗೆ ನೋಡುವುದು 1024 ಪಿಕ್ಸೆಲ್‌ನ ಕಿಟಕಿಯಷ್ಟನ್ನೇ ಎಂದುಕೊಳ್ಳಿ. ಮೊದಲ ಹಂತದಲ್ಲಿ ಅದರ ಮುಕ್ಕಾಲು ಭಾಗ ಮೂಲ ಚಿತ್ರ. ನಾಲ್ಕನೆಯ ಹಂತಕ್ಕೆ ಬರುವಾಗ ಮೂಲದ ಒಂದು ಪಿಕ್ಸೆಲ್ಲೂ ಕಿಟಕಿಯಲ್ಲಿಲ್ಲ, ತಾನೇ ಊಹಿಸಿದ್ದನ್ನು ನೋಡಿ ಮತ್ತೆ ಊಹಿಸುತ್ತಿರುತ್ತದೆ. ದೂರ ಹೋದಂತೆ ಬಣ್ಣ ತಿರುಗುವುದು, ತೋರಣ ಮಾಯವಾಗುವುದು ಇದರಿಂದಲೇ. ಹಾಗಾಗಿ ಆ ತುದಿಗಳನ್ನು ಕತ್ತಲಿಗೆ ಬಿಟ್ಟು, ಸ್ಥಳ, ದಿನಾಂಕ, ಮೇಳದ ಹೆಸರನ್ನು ಅಲ್ಲಿ ಹಾಕುವುದೇ ಜಾಣತನ. ಅಕ್ಷರಗಳನ್ನು ಮಾದರಿಯಿಂದ ಬರೆಸಬೇಡಿ, ಡಿಟಿಪಿಯಲ್ಲಿ ಜೋಡಿಸಿ.

ಹನ್ನೆರಡು ಅಡಿಗೆ 3072 ಪಿಕ್ಸೆಲ್ ಎಂದರೆ ಇಂಚಿಗೆ 21 ಮಾತ್ರ. ತಿದ್ದುಪಡಿ, ವಿಸ್ತರಣೆ ಎರಡೂ ಮುಗಿದ ಮೇಲೆ ನಾಲ್ಕು ಪಟ್ಟು ಹಿಗ್ಗಿಸಿದರೆ ಇಂಚಿಗೆ 85 ಆಗುತ್ತದೆ, ರಸ್ತೆಯಿಂದ ನೋಡುವ ಫ್ಲೆಕ್ಸಿಗೆ ಅಷ್ಟು ಸಾಕು.

ಇಷ್ಟೂ ಹೊತ್ತು ಹೇಳಿದ್ದು ಕಲ್ಪಿತ ವೇಷದ ಮಾತು. ನಿಜವಾದ ಕಲಾವಿದರ ಫೋಟೋ ಆಗಿದ್ದರೆ, ಕ್ಯಾಮೆರಾ ಕಾಣದಿದ್ದ ಭಾಗ ಎಷ್ಟೇ ಸಹಜವಾಗಿ ಕಂಡರೂ ಅದು ಊಹೆಯೇ. ಫ್ಲೆಕ್ಸಿಗೆ ಬಳಸಿ, ಆದರೆ ಪತ್ರಿಕೆಗೆ, ದಾಖಲೆಗೆ ಕೊಡುವಾಗ ಮೂಲ ಫೋಟೋವನ್ನೇ ಕೊಡಿ.