ಉಪಮೆ ಸರಿ, ಮುಂದೆ?

ಈ ಲೇಖನಕ್ಕೆಂದೇ ಹೊಸೆದ ನಾಲ್ಕು ಸಾಲು ಇಲ್ಲಿದೆ:

ಮಗಳು ತೆರಳಿ ಮೂರು ದಿವಸ,
ಮನೆಯು ಖಾಲಿ ಕೊಡದ ಹಾಗೆ.
ಚಮಚ ಬಿದ್ದ ಸದ್ದು ಕೂಡ
ಕರೆದ ಹಾಗೆ: ಅಮ್ಮ

ಮಗಳು ಗಂಡನ ಮನೆಗೆ ಹೋದಳೋ ಹಾಸ್ಟೆಲಿಗೋ, ಪದ್ಯ ಹೇಳುವುದಿಲ್ಲ. ಎರಡನೆಯ ಸಾಲಿನ ಅಲಂಕಾರ ಯಾವುದು ಎಂದು ಕೇಳಿದರೆ ಹೈಸ್ಕೂಲು ಓದಿದವರು ಥಟ್ಟನೆ ಹೇಳಿಯಾರು: ಉಪಮೆ. ಮನೆ ಉಪಮೇಯ, ಕೊಡ ಉಪಮಾನ, ‘ಹಾಗೆ’ ವಾಚಕ ಪದ, ಬರಿದಾಗಿರುವುದು ಸಮಾನ ಧರ್ಮ. ಲಕ್ಷಣ, ಸಮನ್ವಯ ಎರಡೂ ಆಯಿತು, ಅಂಕವೂ ಬಂತು. ಪದ್ಯ ಮಾತ್ರ ಇನ್ನೂ ಶುರುವಾಗಿಲ್ಲ.

ಕೊಡವನ್ನು ತೆಗೆದು ‘ಮನೆಯು ಖಾಲಿ ಚೀಲದಂತೆ’ ಎಂದು ಓದಿ ನೋಡಿ. ಮಾತ್ರೆ ಕೆಡುವುದಿಲ್ಲ, ಉಪಮೆಯೂ ಉಳಿಯುತ್ತದೆ, ಪರೀಕ್ಷೆಯ ಉತ್ತರದಲ್ಲಿ ಎರಡು ಪದ ಬದಲಾದರೆ ಸಾಕು. ಆದರೆ ಮೂರನೆಯ ಸಾಲಿನ ಚಮಚಕ್ಕೆ ಈಗ ಕಾರಣವೇ ಇಲ್ಲ. ಬರಿ ಕೊಡಕ್ಕೆ ಏನಾದರೂ ತಾಗಿದರೆ ಅದು ಗುಂಯ್‌ಗುಡುತ್ತದೆ, ಚೀಲ ಗುಂಯ್‌ಗುಡುವುದಿಲ್ಲ. ಮನೆಗೂ ಕೊಡಕ್ಕೂ ಇರುವ ನಿಜವಾದ ಹೋಲಿಕೆ ಬರಿದಾಗಿರುವುದಷ್ಟೇ ಅಲ್ಲ, ಸಣ್ಣ ಸದ್ದನ್ನೂ ದೊಡ್ಡದು ಮಾಡುವುದು. ಅದನ್ನು ಕವಿತೆ ಎರಡನೆಯ ಸಾಲಿನಲ್ಲಿ ಹೇಳದೆ ಮೂರನೆಯದರಲ್ಲಿ ಕೇಳಿಸುತ್ತದೆ. ಪರಿಣಾಮದ ವಿಶ್ಲೇಷಣೆ ಎಂದರೆ ಹೀಗೆ, ಈ ಮಾತು ಇಲ್ಲದಿದ್ದರೆ ಪದ್ಯದಲ್ಲಿ ಏನು ಕುಸಿಯುತ್ತಿತ್ತು ಎಂದು ತೋರಿಸುವುದು. ‘ಉಪಮೆಯಿಂದ ಕವನದ ಸೊಬಗು ಹೆಚ್ಚಿದೆ’ ಎಂಬ ವಾಕ್ಯ ಯಾವ ಪದ್ಯಕ್ಕಾದರೂ ಒಪ್ಪುತ್ತದೆ, ಹಾಗಾಗಿ ಯಾವುದರ ಬಗ್ಗೆಯೂ ಏನನ್ನೂ ಹೇಳುವುದಿಲ್ಲ.

ಹಾಗೆಂದು ಹೆಸರು ದಂಡವಲ್ಲ. ನಾಲ್ಕನೆಯ ಸಾಲಿನಲ್ಲೂ ‘ಹಾಗೆ’ ಇದೆ, ಆದರೆ ಅಲ್ಲಿರುವುದು ಉತ್ಪ್ರೇಕ್ಷೆ: ಇಲ್ಲದ ಕರೆಯನ್ನು ಸದ್ದಿನ ಮೇಲೆ ಆರೋಪಿಸಲಾಗಿದೆ. ಈ ವ್ಯತ್ಯಾಸ ಗೊತ್ತಿದ್ದರೆ ಮನೆಯನ್ನು ನೋಡಿ ಹೋಲಿಸುತ್ತಿದ್ದ ತಾಯಿ, ಎರಡೇ ಸಾಲಿನಲ್ಲಿ ತನ್ನ ಕಿವಿಯನ್ನೇ ನಂಬಲಾಗದ ಸ್ಥಿತಿಗೆ ಬಂದದ್ದು ಕಾಣುತ್ತದೆ. 9ನೆಯ ಶತಮಾನದ ಆನಂದವರ್ಧನ ‘ಧ್ವನ್ಯಾಲೋಕ’ದಲ್ಲಿ ಅಲಂಕಾರ ರಸಕ್ಕೆ ಅಧೀನವಾಗಿರಬೇಕು, ಸಮಯ ನೋಡಿ ಹಿಡಿದು ಸಮಯ ನೋಡಿ ಬಿಡಬೇಕು ಎಂದದ್ದು ಇಂಥದ್ದಕ್ಕೇ.

ಛಂದಸ್ಸಿನ ಕಥೆಯೂ ಅದೇ. ಮೂರು ಮಾತ್ರೆಯ ಗಣ ಸಾಲಿಗೆ ನಾಲ್ಕರಂತೆ ನಡೆದು, ಕೊನೆಯ ಸಾಲಿನಲ್ಲಿ ಮೂರೇ ಗಣ. ಪ್ರಸ್ತಾರ ಹಾಕಿದರೆ ಇಷ್ಟು ಸಿಗುತ್ತದೆ. ಗಣ ಕಡಿಮೆಯಾದ ಮಾತ್ರಕ್ಕೆ ಅದು ಅಗಲಿಕೆಯ ಸಂಕೇತವಾಗಿಬಿಡುವುದಿಲ್ಲ. ಇಲ್ಲಿ ಕೊನೆಯ ಮಾತು ಒಂದು ಕರೆ. ಆದ್ದರಿಂದ ಖಾಲಿ ಬಿದ್ದ ಗಣ ‘ಓ’ ಎನ್ನಬೇಕಾದ ಜಾಗವಾಗುತ್ತದೆ.

ಎಲ್ಲಿ ನಿಲ್ಲಬೇಕು ಎಂಬುದೂ ಮುಖ್ಯ. ಮಗಳು, ಮೂರು, ಮನೆ ಎಂಬ ‘ಮ’ಕಾರದ ಅನುಪ್ರಾಸ ತಾಯ್ತನವನ್ನು ಸೂಚಿಸುತ್ತದೆ ಎಂದು ಬರೆಯುವವರಿದ್ದಾರೆ. ಮೀನು, ಮಳಿಗೆ, ಮುನಿಸಿಪಾಲಿಟಿಗಳೂ ‘ಮ’ದಿಂದಲೇ ಶುರುವಾಗುತ್ತವೆ. ಮೊದಲೆರಡು ಸಾಲನ್ನು ಆ ನಾದ ಒಟ್ಟಿಗೆ ಹಿಡಿದಿದೆ ಎನ್ನಬಹುದು. ಅದಕ್ಕಿಂತ ಹೆಚ್ಚಿನದಕ್ಕೆ ಈ ಪದ್ಯದಲ್ಲಿ ಆಧಾರವಿಲ್ಲ.